ಸವಿತಾಗೆ ಹುಟ್ಟುಹಬ್ಬದ ಶುಭಾಶಯ

ಪ್ರೀತಿಯ ಸವಿತಾ,

ಹುಟ್ಟುಹಬ್ಬದ ಶುಭಾಶಯ ಕಣೆ. ಬೆಳಿಗ್ಗೆ ಫೋನ್ ಮಾಡೇ ಮಾಡುತ್ತೇನೆ. ಆದರೆ ಜುಲೈ ಮಳೆಯಲ್ಲಿ ನಿಮ್ಮ ಕಡೆ ಸಿಗ್ನಲ್ ಹೇಗಿರುತ್ತದೆ ಅಂತ ಗೊತ್ತಲ್ಲ, ಅರ್ಧ ಮಾತಿಗೇ ಕಟ್ ಆಗುತ್ತದೆ. ನನಗೆ ಹೇಳೋದು ಜಾಸ್ತಿ ಇದೆ. ಅದಕ್ಕೇ ಈ ಪಾರ್ಸೆಲ್ಲಿನ ಜೊತೆ ಕಾಗದ ಇಟ್ಟಿದ್ದೇನೆ.

ಹೆದರಬೇಡ, ಇದರಲ್ಲಿ ಆ ಲೆಕ್ಕ ಎಲ್ಲೂ ಬರುವುದಿಲ್ಲ. ಈ ಸಲ ಸಿಕ್ಕಿದವರೆಲ್ಲ ಅದನ್ನೇ ಎತ್ತುತ್ತಾರೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಾನು ಎತ್ತುವುದಿಲ್ಲ. ಸಾಗರದ ಬೇಕರಿಗೆ ಫೋನ್ ಮಾಡಿ ಕೇಕ್ ಹೇಳಿದ್ದೇನೆ, ಮೇಲೆ ನಿನ್ನ ಹೆಸರು ಮಾತ್ರ. ಅಂಕಿಯ ಮೇಣದಬತ್ತಿ ಬೇಡವೇ ಬೇಡ ಅಂತ ಎರಡೆರಡು ಸಲ ಹೇಳಿದೆ. ನಮ್ಮ ಕಾಲೇಜು ಗ್ರೂಪಿನಲ್ಲೂ ಒಬ್ಬೊಬ್ಬರಿಗೆ ಬೇರೆಯಾಗಿಯೇ ಹೇಳಿದ್ದೇನೆ: ಹಳೆಯ ಫೋಟೋ ಹುಡುಕಿ ಹಾಕಬೇಡಿ, 'ಆಗ ಹೇಗಿದ್ವಿ, ಈಗ ಹೇಗಾದ್ವಿ' ಅಂತ ಶುರು ಮಾಡಬೇಡಿ, ಸುಮ್ನೆ ಶುಭಾಶಯ ಹೇಳಿ ಅಂತ. ಎಲ್ಲರೂ ಒಪ್ಪಿದ್ದಾರೆ.

ನಿನಗೆ ಅದು ಯಾಕೆ ಹಿಡಿಸುವುದಿಲ್ಲ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಹಿಡಿಸುವುದಿಲ್ಲ ಅಂದರೆ ಸಾಕು, ಗೆಳತಿಗೆ ಕಾರಣ ಯಾಕೆ? ನೀನೇ ಒಂದು ದಿನ ಅಡಿಕೆ ಸುಲಿಯುತ್ತಾ ಹೇಳಿದೆ. 'ನನಗೆ ಅಂಕಿಯ ಮೇಲೆ ಸಿಟ್ಟಿಲ್ಲ. ಅದನ್ನು ಹೇಳಿದ ಮೇಲೆ ಜನ ಮುಂದೆ ಏನು ಹೇಳುತ್ತಾರೋ ಅದರ ಮೇಲೆ ಸಿಟ್ಟು' ಅಂದೆ. ಇನ್ನು ಮರ ಹತ್ತಬೇಡ. ಇನ್ನು ಚೂಡಿದಾರ ಸಾಕು ಮಾಡು. ಶುಗರ್ ಚೆಕ್ ಮಾಡಿಸಿದೆಯಾ? ಇನ್ನು ಮಗಳ ಕಡೆ ನೋಡಿಕೋ, ನಿನ್ನದೆಲ್ಲ ಆಯ್ತಲ್ಲ. ಹೋದ ವರ್ಷ ಒಂದು ಮನೆಯ ಸಮಾರಂಭದಲ್ಲಿ ಇದೇ ಮಾತನ್ನು ಊಟದ ಪಂಕ್ತಿಯಲ್ಲಿ ಒಬ್ಬರು ನಿನಗೆ ಹೇಳಿದರು. ನೀನು ಎಲೆ ಮಡಚಿ ಎದ್ದೆ. ನಾನು ಎದುರಿನ ಸಾಲಿನಲ್ಲಿದ್ದೆ. ನನ್ನ ಹೊಟ್ಟೆ ಉರಿದುಹೋಯಿತು. ನಿನ್ನದೆಲ್ಲ ಆಯ್ತು ಅನ್ನೋದಕ್ಕೆ ಅವರು ಯಾರು? ನಿನ್ನದು ಎಷ್ಟು ನಡೆಯುತ್ತಾ ಇದೆ ಅಂತ ಅವರಿಗೆ ಗೊತ್ತೇ ಇಲ್ಲ.

ನನಗೆ ಗೊತ್ತು. ಕಣ್ಣಾರೆ ನೋಡಿದ್ದೇನೆ. ಅದನ್ನೇ ಇವತ್ತು ಬರೆಯಬೇಕು ಅನ್ನಿಸಿತು.

ಕಳೆದ ತಿಂಗಳು ಬಂದಾಗ ನೀನು ನರ್ಸರಿಯ ನೆರಳು ಬಲೆಯ ಕೆಳಗೆ ಮಣೆ ಹಾಕಿಕೊಂಡು ಕೂತಿದ್ದೆ. ಪಕ್ಕದಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಕಸಿ ಕಡ್ಡಿಗಳು. ಮುಂದೆ ಸಾಲಾಗಿ ಮಾವಿನ ಗೊರಟಿನಿಂದ ಎಬ್ಬಿಸಿದ ಸಸಿಗಳು, ಕೆಂಪು ಚಿಗುರು ಇನ್ನೂ ಬಲಿತಿರಲಿಲ್ಲ. ನೀನು ಸಸಿಯ ತಲೆ ಕತ್ತರಿಸಿ ನಡುವೆ ಸೀಳಿದೆ. ಕಡ್ಡಿಯ ಬುಡವನ್ನು ಎರಡೂ ಕಡೆ ಓರೆಯಾಗಿ ಕೆತ್ತಿದೆ. ಆ ಕೆತ್ತಿದ ಜಾಗಕ್ಕೆ ಬೆರಳು ತಾಗಿಸಲಿಲ್ಲ. ಸೀಳಿನೊಳಗೆ ಕೂರಿಸಿ, ಸಿಪ್ಪೆಗೆ ಸಿಪ್ಪೆ ಸರಿಯಾಗಿ ಕೂಡಿತಾ ಅಂತ ಕಣ್ಣ ಹತ್ತಿರ ಹಿಡಿದು ನೋಡಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿದೆ. ಮೇಲೊಂದು ಐಸ್‌ಕ್ಯಾಂಡಿ ಕವರಿನ ಟೊಪ್ಪಿ. ಅಷ್ಟೂ ಹೊತ್ತು ನನ್ನ ಜೊತೆ ಮಾತಾಡುತ್ತಲೇ ಇದ್ದೆ, ಕೈ ಒಮ್ಮೆಯೂ ತಡವರಿಸಲಿಲ್ಲ. ಒಂದು ಮುಗಿದರೆ ಇನ್ನೊಂದು. ನೋಡ್ತಾ ನೋಡ್ತಾ ನನ್ನ ಕಾಫಿ ಆರಿಹೋಯಿತು.

ಕಡ್ಡಿಯಲ್ಲಿ ಎಲೆ ಯಾಕಿಲ್ಲ ಅಂತ ಕೇಳಿದೆ. ವಾರ, ಹತ್ತು ದಿನ ಮುಂಚೆಯೇ ತಾಯಿಮರಕ್ಕೆ ಹೋಗಿ ಎಲೆಗಳನ್ನು ಕತ್ತರಿಸಿ, ತೊಟ್ಟು ಮಾತ್ರ ಬಿಟ್ಟು ಬರಬೇಕು, ಆಗ ಮೊಗ್ಗು ಉಬ್ಬಿಕೊಂಡು ತಯಾರಾಗುತ್ತದೆ, ಆಮೇಲೆ ಕಡ್ಡಿ ತರಬೇಕು ಅಂದೆ. ಅಂದರೆ ಒಂದೊಂದು ಮರಕ್ಕೂ ಎರಡು ಸಲ ಹೋಗಬೇಕು! ಅದೂ ಈ ಜಿಗಣೆ ಕಾಲದಲ್ಲಿ, ಹೊಳೆಯಂಚಿಗೆ. ಕಸಿ ಕಟ್ಟಿ ಎರಡು ಮೂರು ವಾರ ಕಾಯಬೇಕು, ಚಿಗುರು ಬಂದರೆ ಬಂತು, ಕಡ್ಡಿ ಕಪ್ಪಾದರೆ ಹೋಯಿತು. ಕಪ್ಪಾದದ್ದನ್ನು ನೀನು ಬಿಸಾಡಿ ಮುಂದಿನದಕ್ಕೆ ಕೈ ಹಾಕುತ್ತೀಯ, ಅಷ್ಟೇ. ಆ ಗಟ್ಟಿತನ ನನಗೆ ತುಂಬ ಇಷ್ಟ.

ಅಪ್ಪೆಮಿಡಿ ಅಂದರೆ ನಮ್ಮ ಮೈಸೂರಿನ ಮನೆಯಲ್ಲಿ ಬರೀ ಉಪ್ಪಿನಕಾಯಿ. ಊಟಕ್ಕೆ ಒಂದು ಮಿಡಿ, ಮೊಸರನ್ನದ ಜೊತೆ ಕಚ್ಚಿದರೆ ಮುಗಿಯಿತು. ಅದರ ಹಿಂದೆ ಒಂದೊಂದು ಮರ ಇದೆ, ಒಂದೊಂದು ಮರಕ್ಕೂ ಬೇರೆ ಪರಿಮಳ ಇದೆ ಅಂತ ನನಗೆ ತೋರಿಸಿದ್ದು ನೀನು. ಜೀರಿಗೆ ವಾಸನೆಯದ್ದು, ಕರ್ಪೂರದ ವಾಸನೆಯದ್ದು, ಬರೀ ಹುಳಿ, ಉದ್ದ, ಗುಂಡು. ಮಿಡಿಯ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಅಂಗೈಗೆ ಉಜ್ಜಿ ಮೂಗಿಗೆ ಹಿಡಿದು 'ಇದು ಬೇರೆ' ಅನ್ನುತ್ತೀಯ. ಗೊರಟು ಹಾಕಿದರೆ ಹುಟ್ಟುವ ಗಿಡ ತಾಯಿಯ ಹಾಗೇ ಇರುತ್ತದೆ ಅಂತ ಖಾತ್ರಿ ಇಲ್ಲ, ಕಸಿ ಕಟ್ಟಿದರೆ ಮಾತ್ರ ಅದೇ ಮಿಡಿ, ಅದೇ ಪರಿಮಳ. ಅದಕ್ಕೇ ಒಳ್ಳೆಯ ಮರ ಇದೆ ಅಂತ ಯಾರಾದರೂ ಹೇಳಿದರೆ ನಿನಗೆ ಕೂತಲ್ಲಿ ಕೂರಲಾಗುವುದಿಲ್ಲ. ರಸ್ತೆ ಅಗಲ ಮಾಡುತ್ತಾರೆ, ಮರ ಹೋಗುತ್ತದೆ. ಗಾಳಿಗೆ ಬೀಳುತ್ತದೆ. ಮಿಡಿಯ ಆಸೆಗೆ ಗೆಲ್ಲನ್ನೇ ಕಡಿದು ಕೆಡವುತ್ತಾರೆ. ಅದಕ್ಕೆ ಮುಂಚೆ ನಾಲ್ಕು ಕಡ್ಡಿ ತಂದಿಟ್ಟರೆ ಆ ಮರ ಇನ್ನೊಬ್ಬರ ಅಂಗಳದಲ್ಲಿ ಬೆಳೆಯುತ್ತದೆ. ಈ ಕೆಲಸವನ್ನು ನಿನಗೆ ಯಾರೂ ಹೇಳಿಕೊಟ್ಟು ಮಾಡಿಸುತ್ತಿಲ್ಲ. ನಿನಗೇ ತೋಚಿತು, ನೀನೇ ಮಾಡುತ್ತಿದ್ದೀಯ. ನನಗೆ ಹೆಮ್ಮೆ ಕಣೆ, ಬಾಯಿ ಬಿಟ್ಟು ಹೇಳಿರಲಿಲ್ಲ, ಈಗ ಹೇಳಿದೆ.

ಪಾರ್ಸೆಲ್ಲಿನಲ್ಲಿ ಮೂರು ಸಾಮಾನಿವೆ. ಒಂದು ಕಸಿ ಚಾಕು. ಈಗಿರೋದರ ಹಿಡಿ ಸಡಿಲಾಗಿದೆ, ದಾರ ಸುತ್ತಿದ್ದೀಯ, ನೋಡಿದ್ದೇನೆ. ಇನ್ನೊಂದು ರಟ್ಟಿನ ಹೊದಿಕೆಯ ದಪ್ಪ ನೋಟ್‌ಬುಕ್. ಮರ ಎಲ್ಲಿದೆ, ಯಾರ ಜಾಗ, ಮಿಡಿ ಯಾವಾಗ ಬಿಡುತ್ತದೆ, ಸೊನೆ ಹೇಗೆ, ಉಪ್ಪಿನಲ್ಲಿ ಎಷ್ಟು ದಿನ ಗಟ್ಟಿಯಾಗಿ ನಿಲ್ಲುತ್ತದೆ ಅಂತ ನೀನು ಮಗಳ ಹಳೇ ಪುಸ್ತಕಗಳ ಕೊನೆಯ ಹಾಳೆಗಳಲ್ಲಿ ಬರೆದಿಡುತ್ತಿದ್ದೀಯಲ್ಲ, ಅದನ್ನೆಲ್ಲ ಇದಕ್ಕೆ ಇಳಿಸು. ದಯವಿಟ್ಟು ಇಳಿಸು. ಅದು ನಿನ್ನೊಬ್ಬಳಿಗೆ ಬೇಕಾದ್ದಲ್ಲ. ಮೂರನೆಯದು ರೇನ್‌ಕೋಟ್, ಮೊಣಕಾಲಿನ ತನಕ ಬರುತ್ತದೆ, ಬಣ್ಣ ಹಳದಿ. ತೋಟದ ಮಬ್ಬಿನಲ್ಲಿ ಮನೆಯವರಿಗೆ ದೂರದಿಂದ ಕಾಣಲಿ ಅಂತ ಅದನ್ನೇ ಆರಿಸಿದೆ. ಬಣ್ಣ ಜಾಸ್ತಿಯಾಯಿತು ಅಂತ ಯಾರಾದರೂ ಅಂದರೆ ನನ್ನ ಹೆಸರು ಹೇಳು.

ಇನ್ನೊಂದು ಮಾತು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನೀನು ಬಂದದ್ದು ನನಗೆ ಮರೆಯುವುದಿಲ್ಲ. ಅಡಿಕೆ ಕೊಯ್ಲು ನಡೀತಾ ಇತ್ತು, ಕೊನೆಗೌಡ ಸಿಗುವುದೇ ಕಷ್ಟ, ಆದರೂ ಅದನ್ನೆಲ್ಲ ಬಿಟ್ಟು ರಾತ್ರಿ ರೈಲಿಗೆ ಬಂದೆ. ಏನೂ ಸಮಾಧಾನ ಹೇಳಲಿಲ್ಲ. ನನ್ನನ್ನು ಮನೆಗೆ ಕಳಿಸಿ ಮಲಗಿಸಿ, ನೀನು ಅಮ್ಮನ ಪಕ್ಕ ಕೂತೆ. ಬೆಳಿಗ್ಗೆ ನಾನು ಬಂದಾಗ ಅಮ್ಮ ನಿನಗೆ ತಂಬುಳಿ ಮಾಡುವುದು ಹೇಗೆ ಅಂತ ಹೇಳಿಕೊಡುತ್ತಿದ್ದರು! ಮಲೆನಾಡಿನ ಹುಡುಗಿಗೆ ಮೈಸೂರಿನವರು ತಂಬುಳಿ ಹೇಳಿಕೊಡೋದು. ನೀನು ಗೊತ್ತಿಲ್ಲದವಳ ಹಾಗೆ 'ಹೌದಾ ಅಮ್ಮ, ಒಗ್ಗರಣೆ ಯಾವಾಗ?' ಅಂತ ಕೇಳುತ್ತಿದ್ದೆ. ಅಮ್ಮ ಈಗಲೂ ವಾರಕ್ಕೊಮ್ಮೆ ನಿನ್ನನ್ನು ಕೇಳುತ್ತಾರೆ. ನಿನಗೆ ಅವರ ಆಶೀರ್ವಾದವೂ ಈ ಕಾಗದದಲ್ಲಿದೆ.

ಈಗ ಹಾರೈಕೆ. ನೂರು ಕಾಲ ಬಾಳು ಅಂತ ನಾನು ಹೇಳುವುದಿಲ್ಲ, ಅದರಲ್ಲೂ ಲೆಕ್ಕ ಬಂತು. ನನಗೆ ಬೇಕಾದ್ದು ಇವು: ಈ ಮಳೆಗಾಲದಲ್ಲಿ ಕಟ್ಟಿದ ಕಸಿ ಮುಕ್ಕಾಲು ಪಾಲಾದರೂ ಚಿಗುರಲಿ. ಮಳೆ ಹದವಾಗಿ ಬರಲಿ, ಅಡಿಕೆಗೆ ಕೊಳೆ ಬಾರದಿರಲಿ, ಬೋರ್ಡೋ ಹೊಡೆಯೋದಕ್ಕೆ ಬೇಕಾದಾಗ ಎರಡು ದಿನ ಬಿಸಿಲು ಸಿಗಲಿ. ಎಲೆಚುಕ್ಕಿ ರೋಗ ನಿಮ್ಮ ತೋಟದ ಬೇಲಿ ದಾಟದಿರಲಿ. ತಾಳಗುಪ್ಪದ ಕಡೆಯ ಆ ಹೊಳೆಯಂಚಿನ ಮರದ ಅಜ್ಜ ಕಡ್ಡಿ ಕೊಡೋದಕ್ಕೆ ಒಪ್ಪಲಿ. ನರ್ಸರಿಗೆ ನೀನು ಕೇಳಿದ ಸಾಲ ಸೊಸೈಟಿಯಲ್ಲಿ ಬೇಗ ಆಗಲಿ. ಮಗಳು ಕಲಿಯೋದಕ್ಕೆ ಎಲ್ಲಿಗೇ ಹೋಗಲಿ, ಭಾನುವಾರ ನಿನಗೆ ಫೋನ್ ಮಾಡುವುದನ್ನು ಬಿಡದಿರಲಿ. ನಿನ್ನ ಸೊಂಟ ನೋವು ಕಡಿಮೆಯಾಗಲಿ. ಇದನ್ನು ನೀನೇ ಹೇಳಿದ್ದೆ ಅಂತ ಬರೆದೆ, ಬೇರೆ ಅರ್ಥ ಇಲ್ಲ. ಮಣೆ ಬಿಟ್ಟು ಒಂದು ಎತ್ತರದ ಮೇಜು ಮಾಡಿಸಿಕೋ, ನಿಂತುಕೊಂಡೇ ಕಸಿ ಕಟ್ಟಬಹುದು.

ಮತ್ತೆ ನೀನು ಹೆಗ್ಗೋಡಿಗೆ ನಾಟಕ ನೋಡೋದಕ್ಕೆ ಹೋಗೋದು ಬಿಡಬಾರದು. ಹೋದ ಸಲ ಕೆಲಸ ಅಂತ ತಪ್ಪಿಸಿದೆ. ಈ ಸಲ ಅಕ್ಟೋಬರಿನಲ್ಲಿ ನಾನೂ ಬರುತ್ತೇನೆ, ಮುಂದಿನ ಸಾಲಿನಲ್ಲೇ ಕೂರೋಣ. ನಾಟಕ ಮುಗಿದ ಮೇಲೆ ನೀನು ದಾರಿಯುದ್ದಕ್ಕೂ ಪಾತ್ರಗಳ ಜೊತೆ ಜಗಳ ಆಡುತ್ತೀಯಲ್ಲ, ಅದನ್ನು ಕೇಳೋದೇ ನನಗೊಂದು ಹಬ್ಬ.

ಶುಕ್ರವಾರ ರಾತ್ರಿ ಮೈಸೂರಿನಿಂದ ತಾಳಗುಪ್ಪ ರೈಲು ಹತ್ತುತ್ತೇನೆ. ಟಿಕೆಟ್ ಆಗಿದೆ, ಕೆಳಗಿನ ಬರ್ತ್ ಸಿಕ್ಕಿದೆ. ಬೆಳಿಗ್ಗೆ ಸ್ಟೇಷನ್ನಿಗೆ ನೀನು ಬರಬೇಡ, ಮಳೆಯಲ್ಲಿ ಸ್ಕೂಟಿ ಬೇಡ, ನಾನು ಆಟೋ ಹಿಡಿದು ಬರುತ್ತೇನೆ. ಹಬ್ಬದ ಅಡುಗೆ ಅಂತ ಮೈ ಮುರಿದುಕೊಳ್ಳಬೇಡ. ಕೆಸುವಿನ ಎಲೆ ಸಿಕ್ಕಿದರೆ ಪತ್ರೊಡೆ ಮಾಡೋಣ, ಎಲೆಗೆ ಹಿಟ್ಟು ಹಚ್ಚೋದು ನನ್ನ ಪಾಲಿಗಿರಲಿ. ಮಧ್ಯಾಹ್ನ ಮಳೆ ಬಿಟ್ಟರೆ ಜೋಗಕ್ಕೆ ಹೋಗೋಣ. ಬಿಡದಿದ್ದರೂ ಹೋಗೋಣ, ಮಂಜು ಸರಿದಾಗ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಟ್ಟಿಗೆ ಕಂಡರೆ ಅದೃಷ್ಟ, ಇಲ್ಲವಾದರೆ ಬಿಸಿ ಜೋಳ ತಿಂದು ಬರೋಣ. ಹೊಸ ರೇನ್‌ಕೋಟ್ ಹಾಕಿಕೋ.

ಅಮ್ಮ ನಿನಗೆ ಅಂತ ಕೋಡುಬಳೆ ಮಾಡಿ ಡಬ್ಬಿ ತುಂಬಿಸಿ ಇಟ್ಟಿದ್ದಾರೆ, ಅದನ್ನೂ ತರುತ್ತೇನೆ. ವಾಪಸ್ ಬರುವಾಗ ಅದೇ ಡಬ್ಬಿಗೆ ಮಿಡಿ ಉಪ್ಪಿನಕಾಯಿ ಹಾಕಿ ಕೊಡು. ಜೀರಿಗೆ ವಾಸನೆಯದ್ದು.

ಹುಟ್ಟುಹಬ್ಬ ಚೆನ್ನಾಗಿರಲಿ ಮಾರಾಯ್ತಿ.

ನಿನ್ನ,
ಶೈಲಾ