ಬೈಲ್‌ಮೆಂಟಾ, ಪ್ಲೆಡ್ಜಾ, ಲೀನ್ ಯಾರಿಗಿದೆ? ಐದು ಪ್ರಶ್ನೆ, ಉತ್ತರ ಸಮೇತ

1872ರ ಕಾಂಟ್ರ್ಯಾಕ್ಟ್ ಆ್ಯಕ್ಟ್, ಸೆಕ್ಷನ್ 148ರಿಂದ 181. ಯಾವುದೋ ಉದ್ದೇಶಕ್ಕೆ ವಸ್ತು ಕೊಟ್ಟು, ಅದು ಮುಗಿದ ಮೇಲೆ ವಾಪಸ್ ಪಡೆಯುವ ಒಪ್ಪಂದವೇ ಬೈಲ್‌ಮೆಂಟ್. ಪ್ರತಿ ಪ್ರಶ್ನೆಗೂ ನಾಲ್ಕು ಸಣ್ಣ ಸನ್ನಿವೇಶ, ಸರಿಯುತ್ತರ ಒಂದೇ. ಗುರುತು ಹಾಕೋ ಮುಂಚೆ ವಸ್ತು ಯಾಕೆ ಕೈ ಬದಲಾಯಿತು ಅಂತ ಕೇಳಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

1. ಇವುಗಳಲ್ಲಿ ಪ್ಲೆಡ್ಜ್ ಯಾವುದು?
ಎ) ಚಿಕ್ಕಪೇಟೆಯ ಅಂಗಡಿಗೆ ರೇಷ್ಮೆ ಸೀರೆ ಪಾಲಿಶ್‌ಗೆ ಕೊಟ್ಟಿದ್ದು.
ಬಿ) ಮಗಳ ಕಾಲೇಜ್ ಫೀಸಿಗೆ ಗಿರವಿ ಅಂಗಡಿಯಲ್ಲಿ ಸರ ಇಟ್ಟು ಸಾಲ ತಂದಿದ್ದು.
ಸಿ) ಊರಿಗೆ ಹೋಗುವಾಗ ಪಕ್ಕದ ಮನೆ ಆಂಟಿ ಹತ್ತಿರ ಬಳೆ ಇಟ್ಟು ಹೋಗಿದ್ದು.
ಡಿ) ಜಯನಗರದ ಸೈಟ್ ಪತ್ರ ಬ್ಯಾಂಕಿಗೆ ಕೊಟ್ಟು ಸಾಲ ತಗೊಂಡಿದ್ದು.

ಉತ್ತರ: ಬಿ. ಸಾಲಕ್ಕೆ ಭದ್ರತೆಯಾಗಿ ಚರ ವಸ್ತು ಕೊಟ್ಟರೆ ಮಾತ್ರ ಪ್ಲೆಡ್ಜ್ (172). ಎ, ಸಿ ಬರೀ ಬೈಲ್‌ಮೆಂಟ್. ಡಿ ಸ್ಥಿರಾಸ್ತಿಯ ವಿಷಯ, ಅದು ಅಡಮಾನ. ಪ್ಲೆಡ್ಜ್ ಎಲ್ಲವೂ ಬೈಲ್‌ಮೆಂಟೇ, ಬೈಲ್‌ಮೆಂಟ್ ಎಲ್ಲವೂ ಪ್ಲೆಡ್ಜ್ ಅಲ್ಲ.

2. ಬೈಲ್‌ಮೆಂಟ್ ಅಲ್ಲದ್ದು ಯಾವುದು?
ಎ) ಹೋಟೆಲ್ ಬಾಗಿಲಲ್ಲಿ ವ್ಯಾಲೆ ಹುಡುಗನಿಗೆ ಕಾರಿನ ಕೀ ಕೊಟ್ಟಿದ್ದು.
ಬಿ) ಗೆಳೆಯನಿಗೆ ಎರಡು ದಿನಕ್ಕೆ ಕ್ಯಾಮೆರಾ ಕೊಟ್ಟಿದ್ದು, ಬಾಡಿಗೆ ಇಲ್ಲ.
ಸಿ) ಎಸ್‌ಬಿ ಖಾತೆಗೆ 20,000 ರೂಪಾಯಿ ಕಟ್ಟಿದ್ದು.
ಡಿ) ಡ್ರೈಕ್ಲೀನಿಂಗ್‌ಗೆ ಕೋಟು ಕೊಟ್ಟಿದ್ದು.

ಉತ್ತರ: ಸಿ. ಬ್ಯಾಂಕ್ ನೀವು ಕೊಟ್ಟ ಅದೇ ನೋಟು ವಾಪಸ್ ಕೊಡಲ್ಲ, ಅಲ್ವಾ? ಅಲ್ಲಿರೋದು ಸಾಲಗಾರ ಮತ್ತು ಸಾಲ ಕೊಟ್ಟವರ ಸಂಬಂಧ. ವ್ಯಾಲೆ ಬಗ್ಗೆ ದೆಹಲಿಯ ತಾಜ್ ಮಹಲ್ ಹೋಟೆಲ್ ಕೇಸಿನಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಕೀ ತಗೊಂಡ ಮೇಲೆ ಕಾರು ಕಳುವಾದರೆ, ಚೀಟಿಯಲ್ಲಿ "ಮಾಲೀಕರದೇ ಹೊಣೆ" ಅಂತ ಅಚ್ಚು ಹಾಕಿಸಿದ್ದನ್ನೇ ತೋರಿಸಿ ಹೋಟೆಲ್ ನುಣುಚಿಕೊಳ್ಳುವ ಹಾಗಿಲ್ಲ, ತನ್ನ ಕಡೆಯಿಂದ ನಿರ್ಲಕ್ಷ್ಯ ಆಗಿಲ್ಲ ಅಂತ ಮೊದಲು ತೋರಿಸಬೇಕು. ಊರು ತುಂಬ ಇಂಥ ಚೀಟಿಗಳೇ ಇರುವುದರಿಂದ ಈ ತೀರ್ಪು ಬಾಯಿಪಾಠ ಇರಲಿ.

3. ಎಸ್.ಪಿ. ರೋಡಿನ ರಿಪೇರಿ ಅಂಗಡಿಯವರು ಯಾವುದರಲ್ಲಿ ಹೊಣೆ ಅಲ್ಲ?
ಎ) ಶನಿವಾರ ಕೊಡಬೇಕಾದ ಲ್ಯಾಪ್‌ಟಾಪ್ ತಮ್ಮ ಸೋಮಾರಿತನದಿಂದ ಕೊಡಲಿಲ್ಲ, ಸೋಮವಾರ ಪಕ್ಕದ ಅಂಗಡಿಯ ಬೆಂಕಿ ಹಬ್ಬಿ ಸುಟ್ಟುಹೋಯಿತು.
ಬಿ) ರಿಪೇರಿಗೆ ಬಂದ ಲ್ಯಾಪ್‌ಟಾಪನ್ನು ಮಗನಿಗೆ ಗೇಮ್ ಆಡಲು ಕೊಟ್ಟರು, ವೋಲ್ಟೇಜ್ ಏರಿ ಮದರ್‌ಬೋರ್ಡ್ ಹೋಯಿತು.
ಸಿ) ಶಟರ್‌ಗೆ ಬೀಗ, ಒಳಗೆ ಅಲಾರಂ ಎಲ್ಲಾ ಇತ್ತು, ರಾತ್ರಿ ಕಳ್ಳರು ಗೋಡೆ ಕೊರೆದು ಒಯ್ದರು.
ಡಿ) ಮಳೆ ಶುರುವಾದರೂ ಬಾಗಿಲ ಬಳಿ ನೆಲದ ಮೇಲೇ ಬಿಟ್ಟರು, ನೀರು ನುಗ್ಗಿತು.

ಉತ್ತರ: ಸಿ. ಸಾಮಾನ್ಯ ವಿವೇಕ ಇರುವ ಮನುಷ್ಯ ತನ್ನದೇ ಅಂಥ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆ ಸಾಕು (151). ಅಷ್ಟು ಮಾಡಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ನಷ್ಟ ವಸ್ತು ಪಡೆದವರ, ಅಂದರೆ ಬೈಲೀಯ, ತಲೆಗೆ ಬರಲ್ಲ (152). ದುಡ್ಡು ತಗೊಂಡರೂ ತಗೊಳ್ಳದಿದ್ದರೂ ಅಳತೆ ಒಂದೇ. ಎ ನೋಡಿ ತುಂಬಾ ಜನ ಎಡವುತ್ತಾರೆ: ಬೆಂಕಿ ಅವರ ತಪ್ಪಲ್ಲ, ನಿಜ, ಆದರೆ ಗಡುವು ಮೀರಿದ್ದು ಅವರ ತಪ್ಪು, ಅಲ್ಲಿಂದಾಚೆಗಿನ ನಷ್ಟಕ್ಕೆಲ್ಲ ಅವರೇ ಜವಾಬು (161). ಬಿ ಅನುಮತಿ ಇಲ್ಲದ ಬಳಕೆ (154), ಅಲ್ಲಿ ಜಾಗ್ರತೆ ಲೆಕ್ಕಕ್ಕೇ ಬರಲ್ಲ. ಡಿ ನೇರ ನಿರ್ಲಕ್ಷ್ಯ.

4. ಬಾಕಿ ಬರುವವರೆಗೆ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು, ಅಂದರೆ ಲೀನ್, ಯಾರಿಗೆ?
ಎ) ಇಂಜಿನ್ ಬಿಚ್ಚಿ ಸರಿಮಾಡಿ, ಅದೇ ಕೆಲಸದ ಬಿಲ್ ಬಾಕಿ ಇರುವ ಗ್ಯಾರೇಜಿನವರಿಗೆ.
ಬಿ) ಈ ಸಲದ ಬಿಲ್ ಚುಕ್ತಾ ಆಗಿದೆ, ಹೋದ ವರ್ಷದ ಬಾಕಿಗೆ ಕಾರು ಬಿಡದ ಗ್ಯಾರೇಜಿನವರಿಗೆ.
ಸಿ) ದುಡ್ಡು ಮೂರು ತಿಂಗಳು ಬಿಟ್ಟು ಕೊಡಿ ಅಂತ ಒಪ್ಪಿದ ದರ್ಜಿಗೆ.
ಡಿ) ಫೀಸ್ ಬಾಕಿ ಅಂತ ಕೇಸ್ ಫೈಲ್ ಕೊಡದ ವಕೀಲರಿಗೆ.

ಉತ್ತರ: ಎ. ಆ ವಸ್ತುವಿನ ಮೇಲೇ ಶ್ರಮ, ಕೌಶಲ ಹಾಕಿರಬೇಕು, ಅದರ ಕೂಲಿಯೇ ಬಾಕಿ ಇರಬೇಕು (170). ಸಾಲದ ಗಡುವು ಕೊಟ್ಟ ದರ್ಜಿಗೆ ಲೀನ್ ಇಲ್ಲ. ವಕೀಲರಿಗೂ ಫೈಲ್ ಮೇಲೆ ಇಲ್ಲ ಅಂತ 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೇ ಬಾಕಿಗೂ ವಸ್ತು ಹಿಡಿಯುವ ಹಕ್ಕು, ಅಂದರೆ ಜನರಲ್ ಲೀನ್, ಬ್ಯಾಂಕು ಮುಂತಾದ ಕೆಲವರಿಗೆ ಮಾತ್ರ (171).

5. ಗಿರವಿ ಅಂಗಡಿಯವರು ಮಾಡಿದ್ದರಲ್ಲಿ ಸರಿ ಯಾವುದು?
ಎ) ಗಡುವು ಮುಗಿದ ಮರುದಿನವೇ ಹೇಳದೆ ಸರ ಮಾರಿದರು.
ಬಿ) ತಕ್ಕ ನೋಟಿಸ್ ಕೊಟ್ಟು ಮಾರಿ, ಬಾಕಿ ಕಳೆದು ಉಳಿದದ್ದನ್ನು ವಾಪಸ್ ಕೊಟ್ಟರು.
ಸಿ) ಸರದ ಸಾಲ, ಬಡ್ಡಿ ತೀರಿದ ಮೇಲೂ ಮೊದಲಿನ ಕೈಸಾಲಕ್ಕೆ ಅಂತ ಸರ ಕೊಡಲಿಲ್ಲ.
ಡಿ) ಮಾರಾಟಕ್ಕೆ ಮುಂಚೆ ಅಸಲು, ಬಡ್ಡಿ, ತಡವಾಗಿದ್ದರ ಖರ್ಚು ಎಲ್ಲ ತಂದರೂ ಬಿಡಿಸಿಕೊಡಲ್ಲ ಅಂದರು.

ಉತ್ತರ: ಬಿ (176). ಡಿ ತಪ್ಪು, ಮಾರಾಟ ಆಗುವವರೆಗೂ ಬಿಡಿಸಿಕೊಳ್ಳಬಹುದು (177). ಸಿ ಸೂಕ್ಷ್ಮ: ಬೇರೆ ಸಾಲಕ್ಕೆ ಹಿಡಿಯಲು ಒಪ್ಪಂದ ಬೇಕು, ಆದರೆ ಸರ ಇಟ್ಟ ನಂತರ ಅದೇ ಅಂಗಡಿ ಮತ್ತೆ ಸಾಲ ಕೊಟ್ಟಿದ್ದರೆ ಅಂಥ ಒಪ್ಪಂದ ಇದೆ ಅಂತಲೇ ಕಾನೂನು ಭಾವಿಸುತ್ತದೆ (174). ಪ್ರಶ್ನೆಯಲ್ಲಿ "ಮೊದಲಿನ" ಅಂತ ಇದೆಯೋ "ಆಮೇಲಿನ" ಅಂತ ಇದೆಯೋ ಎರಡು ಸಲ ಓದಿ.