ಶಂಕುಜಗಳು: ಶನಿವಾರದ ಕಿರುಪರೀಕ್ಷೆಯ ಪ್ರಶ್ನೆಗಳು, ಬಿಡಿಸಿದ ಉತ್ತರಗಳು

ಪ್ರತಿ ಪ್ರಶ್ನೆಗೂ ಸೂಚನೆ ಒಂದೇ: ಸಮೀಕರಣ ಯಾವ ವಕ್ರರೇಖೆಯದು ಎಂದು ಗುರುತಿಸಿ, ನಾಭಿ ಮತ್ತು ಉತ್ಕೇಂದ್ರತೆ ಕಂಡುಹಿಡಿಯಿರಿ.

ಉತ್ತರಪತ್ರಿಕೆ ತಿದ್ದುವಾಗ ಕಂಡದ್ದು: ಹೆಸರು ಹೇಳುವುದರಲ್ಲಿ ಹೆಚ್ಚಿನವರು ತಪ್ಪಿಲ್ಲ. xy ಪದ ಇಲ್ಲದಿದ್ದರೆ x², y² ಗುಣಾಂಕಗಳನ್ನು ನೋಡಿದರೆ ಸಾಕು. ಒಂದೇ ವರ್ಗಪದ ಇದ್ದರೆ ಪರವಲಯ, ಎರಡಕ್ಕೂ ಒಂದೇ ಚಿಹ್ನೆ ಇದ್ದರೆ ದೀರ್ಘವೃತ್ತ, ಬೇರೆ ಬೇರೆ ಚಿಹ್ನೆ ಇದ್ದರೆ ಅತಿಪರವಲಯ. ಅಂಕ ಹೋಗಿದ್ದು ಅದರ ಮುಂದೆ, a ಯಾವುದು ಎಂದು ಆರಿಸುವಲ್ಲಿ.

ಪ್ರಶ್ನೆ 1. y² − 4y − 8x + 28 = 0

y² ಮಾತ್ರ ಇದೆ, ಹಾಗಾಗಿ ಪರವಲಯ. ವರ್ಗ ಪೂರ್ಣಗೊಳಿಸಿದರೆ

(y − 2)² = 8(x − 3)

4a = 8, a = 2. ಶೃಂಗ (3, 2). ಬಲಕ್ಕೆ ತೆರೆದುಕೊಳ್ಳುವುದರಿಂದ ನಾಭಿ (5, 2). ಪರವಲಯಕ್ಕೆ e = 1, ಲೆಕ್ಕವೇ ಬೇಡ. ಕೆಲವರು (2, 0) ಎಂದು ಬರೆದಿದ್ದೀರಿ. ಅದು ಶೃಂಗ ಮೂಲಬಿಂದುವಿನಲ್ಲಿದ್ದರೆ ಬರುವ ನಾಭಿ. ಶೃಂಗ ಸರಿದಷ್ಟೇ ನಾಭಿಯೂ ಸರಿಯಬೇಕು.

ಪ್ರಶ್ನೆ 2. 9x² + 4y² − 36x + 8y + 4 = 0

9(x − 2)² + 4(y + 1)² = −4 + 36 + 4 = 36

(x − 2)²/4 + (y + 1)²/9 = 1

ದೀರ್ಘವೃತ್ತ. ಮೊದಲ ಸಾಲಿನಲ್ಲಿ 36, 4 ಸೇರಿಸುವಾಗ ಆವರಣದ ಹೊರಗಿನ 9 ಮತ್ತು 4ರಿಂದ ಗುಣಿಸಲು ಮರೆಯಬೇಡಿ. ದೊಡ್ಡ ಛೇದ 9 ಇರುವುದು y ಪದದ ಕೆಳಗೆ. ಹಾಗಾಗಿ ಪ್ರಧಾನ ಅಕ್ಷ ಲಂಬವಾಗಿದೆ, a = 3, b = 2.

c² = 9 − 4 = 5
ನಾಭಿಗಳು (2, −1 + √5), (2, −1 − √5)
e = √5/3

ತಾಳೆ ನೋಡೋಣ. (4, −1) ಈ ವಕ್ರರೇಖೆಯ ಮೇಲಿದೆ. ಅಲ್ಲಿಂದ ಪ್ರತಿ ನಾಭಿಗೂ ದೂರ √(4 + 5) = 3; ಮೊತ್ತ 6, ಅಂದರೆ 2a. ನಾಭಿಗಳನ್ನು ಅಡ್ಡಕ್ಕೆ ಇಟ್ಟು (2 ± √5, −1) ಎಂದು ಬರೆದವರು ಇದೇ ಬಿಂದುವಿನಿಂದ ಅಳೆದು ನೋಡಿ. ಒಂದು ದೂರ √5 − 2, ಇನ್ನೊಂದು √5 + 2. ಮೊತ್ತ 2√5, ಆರು ಬರುವುದಿಲ್ಲ. ಅರ್ಧ ನಿಮಿಷದ ಕೆಲಸ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಪ್ರಶ್ನೆ 3. 9x² − 16y² − 18x − 64y + 89 = 0

9(x − 1)² − 16(y + 2)² = −144

ಬಲಬದಿ ಋಣಾತ್ಮಕವಾಗಿದೆ. −144ರಿಂದ ಭಾಗಿಸಿದರೆ ಪದಗಳ ಜಾಗ ಅದಲುಬದಲಾಗುತ್ತದೆ:

(y + 2)²/9 − (x − 1)²/16 = 1

ಅತಿಪರವಲಯ. ದೀರ್ಘವೃತ್ತದ ಅಭ್ಯಾಸಬಲದಿಂದ «ದೊಡ್ಡದು 16, ಆದ್ದರಿಂದ a = 4» ಎಂದು ಬರೆದವರೇ ಹೆಚ್ಚು. ಅತಿಪರವಲಯದಲ್ಲಿ ದೊಡ್ಡದು ಚಿಕ್ಕದು ನೋಡುವಂತಿಲ್ಲ. ಧನಚಿಹ್ನೆ ಯಾವ ಪದಕ್ಕಿದೆಯೋ ಅದರ ಛೇದವೇ a². ಇಲ್ಲಿ a = 3, b = 4.

c² = 9 + 16 = 25, c = 5
ನಾಭಿಗಳು (1, 3), (1, −7)
e = 5/3

a = 4 ಎಂದು ತೆಗೆದುಕೊಂಡರೆ e = 5/4 ಬರುತ್ತದೆ. ಅದೂ 1ಕ್ಕಿಂತ ಹೆಚ್ಚೇ ಇರುವುದರಿಂದ ಅನುಮಾನವೇ ಬರುವುದಿಲ್ಲ. ಅದಕ್ಕೇ ಈ ಪ್ರಶ್ನೆ ಕೊಟ್ಟದ್ದು.

ಪ್ರಶ್ನೆ 4. x² + 4y² − 2x + 16y + 17 = 0

ಚಿಹ್ನೆ ನೋಡಿ «ದೀರ್ಘವೃತ್ತ» ಎಂದು ಅರ್ಧಕ್ಕರ್ಧ ಜನ ಬರೆದಿದ್ದೀರಿ. ವರ್ಗ ಪೂರ್ಣಗೊಳಿಸಿ:

(x − 1)² + 4(y + 2)² = 0

ಎರಡು ವರ್ಗಗಳ ಮೊತ್ತ ಸೊನ್ನೆಯಾಗಬೇಕಾದರೆ ಎರಡೂ ಸೊನ್ನೆಯೇ ಆಗಬೇಕು. ಇದು (1, −2) ಎಂಬ ಒಂದೇ ಬಿಂದು. ನಾಭಿ, ಉತ್ಕೇಂದ್ರತೆಯ ಮಾತೇ ಇಲ್ಲ. ಹೆಸರು ಹೇಳುವ ಮೊದಲು ಬಲಬದಿಯಲ್ಲಿ ಏನು ಉಳಿಯಿತು ಎಂದು ನೋಡಿ.

ಪ್ರಶ್ನೆ 5. 5x² − 6xy + 5y² = 8

xy ಪದ ಬಂದರೆ B² − 4AC ನೋಡಬೇಕು: 36 − 100 = −64, ಋಣಾತ್ಮಕ, ಹಾಗಾಗಿ ದೀರ್ಘವೃತ್ತ. (ಸೊನ್ನೆಯಾದರೆ ಪರವಲಯ, ಧನಾತ್ಮಕವಾದರೆ ಅತಿಪರವಲಯ. ನಾಲ್ಕನೇ ಪ್ರಶ್ನೆಯ ಎಚ್ಚರಿಕೆ ಇಲ್ಲಿಯೂ ಅನ್ವಯಿಸುತ್ತದೆ.) x², y² ಗುಣಾಂಕಗಳು ಸಮ ಇರುವುದರಿಂದ ಅಕ್ಷಗಳನ್ನು 45° ತಿರುಗಿಸಿದರೆ xy ಹೋಗುತ್ತದೆ:

x = (X − Y)/√2, y = (X + Y)/√2
2X² + 8Y² = 8
X²/4 + Y²/1 = 1

a = 2, b = 1, c = √3, e = √3/2. ನಾಭಿಗಳು X ಅಕ್ಷದ ಮೇಲೆ ±√3ರಲ್ಲಿವೆ. ಇಷ್ಟಕ್ಕೇ ನಿಲ್ಲಿಸಿದವರಿಗೆ ಒಂದು ಅಂಕ ಕಡಿಮೆ. ಹಳೆಯ ಅಕ್ಷಗಳಿಗೆ ಮರಳಿ ತಂದರೆ (√6/2, √6/2) ಮತ್ತು (−√6/2, −√6/2).

ಮನೆಗೆಲಸ

(ಅ) x² − 4x + 12y − 32 = 0
(ಆ) xy = 2

ಉತ್ತರ: (ಅ) ಪರವಲಯ, ಕೆಳಕ್ಕೆ ತೆರೆದಿದೆ, ನಾಭಿ (2, 0), e = 1. (ಆ) ಅತಿಪರವಲಯ, ನಾಭಿಗಳು (2, 2), (−2, −2), e = √2.