ವಿಷಯ: ಸೋಮವಾರದಿಂದ ಕಾಲೇಜಿಗೆ ವಾಪಸ್ ಬರುವ ಬಗ್ಗೆ

ನಮಸ್ಕಾರ ಮೇಡಂ,

ನಾನು ಭಾಗ್ಯಶ್ರೀ, ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್. ಆಸ್ಪತ್ರೆಯಿಂದ ಮನೆಗೆ ಬಂದಿದ್ದೇನೆ. ಬೈಪೋಲಾರ್ ಅಂತ ಡಾಕ್ಟರು ಹೇಳಿದ್ದಾರೆ. ಸೋಮವಾರದಿಂದ ಕ್ಲಾಸಿಗೆ ಹೋಗಬಹುದಂತೆ. ಅವ್ವನ ಜೊತೆ ಕೂತು ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯ ನಿದ್ದೆ. ಅದು ಕೆಟ್ಟರೆ ಕಾಯಿಲೆ ಮತ್ತೆ ಮರುಕಳಿಸಬಹುದು. ರಾತ್ರಿ ಹತ್ತಕ್ಕೆ ಮಲಗಲೇಬೇಕು. ಇಂಟರ್ನಲ್ಸ್ ಬಂತೆಂದರೆ ಹಾಸ್ಟೆಲ್‌ನಲ್ಲಿ ಎರಡು ಗಂಟೆಯಾದರೂ ಲೈಟ್ ಆರಲ್ಲ, ನಿಮಗೇ ಗೊತ್ತಲ್ವಾ. ಅದಕ್ಕೆ ಈ ಸೆಮಿಸ್ಟರ್ ಕಮಲಾಪುರದಿಂದಲೇ ಬಸ್ಸಿಗೆ ಬರುತ್ತೇನೆ. ಬೆಳಿಗ್ಗೆ ಎಂಟರ ಪ್ರಾಕ್ಟಿಕಲ್ ಬ್ಯಾಚ್ ಬದಲು ಮಧ್ಯಾಹ್ನದ ಬ್ಯಾಚ್ ಕೊಡಿಸಲು ಆಗುತ್ತದಾ? ಬಾಕಿ ಇರುವ ರೆಕಾರ್ಡ್‌ಗಳನ್ನೆಲ್ಲ ಒಟ್ಟಿಗೆ ಕೇಳಿದರೆ ರಾತ್ರಿಯೆಲ್ಲ ಬರೆಯಬೇಕಾಗುತ್ತದೆ. ವಾರಕ್ಕೊಂದು ಕೊಡುತ್ತೇನೆ.

ಲಿಥಿಯಂ ಮಾತ್ರೆ ತೊಗೊಳ್ತಿದ್ದೇನೆ. ಮೈಯಲ್ಲಿ ನೀರು ಕಡಿಮೆಯಾದರೆ ಅದು ರಕ್ತದಲ್ಲಿ ಜಾಸ್ತಿಯಾಗಿ ಅಪಾಯವಾಗುತ್ತದೆ. ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ ನಮ್ಮ ಬಿಸಿಲು ಕೇಳಬೇಕಾ! ಪರೀಕ್ಷೆ ಹಾಲ್‌ನಲ್ಲೂ ನೀರಿನ ಬಾಟಲಿ ಬೇಕು, ನಡುವೆ ಎದ್ದು ಹೋಗಲು ಬಿಡಬೇಕು. ತಲೆನೋವು ಅಂದರೆ ಸಿಕ್‌ರೂಮಿನಲ್ಲಿ ಐಬುಪ್ರೊಫೇನ್ ಕೊಡುವುದು ಬೇಡ, ಅದು ಈ ಮಾತ್ರೆಗೆ ಆಗಿಬರಲ್ಲ. ರಕ್ತ ಪರೀಕ್ಷೆ ಇದ್ದ ದಿನ ತಡವಾಗಿ ಬರುತ್ತೇನೆ. ಕೈ ಸ್ವಲ್ಪ ನಡುಗುತ್ತದೆ. ಟೈಟ್ರೇಶನ್ ಮಾಡುವಾಗ ಬ್ಯೂರೆಟ್‌ನಿಂದ ಒಂದು ಹನಿ ಬೀಳಬೇಕಾದಲ್ಲಿ ನಾಲ್ಕು ಬೀಳಬಹುದು. ಹೆದರಿದ್ದೇನೆ ಅಂತ ಸರ್ ತಿಳಿದುಕೊಳ್ಳಬಾರದು ಅಷ್ಟೇ.

ಕಾಯಿಲೆಯ ಹೆಸರು ನಿಮಗೆ ಮಾತ್ರ ಗೊತ್ತಿರಲಿ. ಅಟೆಂಡೆನ್ಸ್‌ಗೆ ಕೊಡುವ ಸರ್ಟಿಫಿಕೇಟ್‌ನಲ್ಲಿ ಅದು ಇಲ್ಲ. ಮಾನಸಿಕ ಆರೋಗ್ಯದ 2017ರ ಕಾಯ್ದೆಯಲ್ಲೂ ಇದನ್ನು ಗುಟ್ಟಾಗಿಡುವ ಹಕ್ಕಿದೆ. ಲೆಕ್ಚರರ್‌ಗಳಿಗೆ ‘ಹುಷಾರಿರಲಿಲ್ಲ, ಔಷಧ ನಡೆದಿದೆ’ ಅಂದರೆ ಸಾಕು. ಊರಲ್ಲಿ ಟೈಫಾಯ್ಡ್ ಅಂತ ಸುದ್ದಿಯಾಗಿದೆ. ಆ ಕಥೆಯನ್ನು ಕಾಲೇಜಿಗೂ ತರುವ ಮನಸ್ಸು ನನಗಿಲ್ಲ. ಗೆಳತಿಯರಿಗೆ ಯಾವಾಗ, ಏನು ಹೇಳಬೇಕೋ ನಾನೇ ಹೇಳುತ್ತೇನೆ.

– ಭಾಗ್ಯಶ್ರೀ

ಮೇಡಂ, ನಾನು ಅವಳ ತಾಯಿ. ಕಳೆದ ಸಲ ಅವಳು ನಿದ್ದೆ ಇಲ್ಲದೆಯೂ ಚುರುಕಾಗಿ ಓಡಾಡುತ್ತಿದ್ದಳು. ಮಾತು ಜಾಸ್ತಿ, ನಡುರಾತ್ರಿ ಎಲ್ಲರಿಗೂ ಫೋನು, ಇದ್ದ ದುಡ್ಡೆಲ್ಲ ಖರ್ಚು. ಹಾಗೆ ಕಂಡರೆ ಮೊದಲು ನನಗೆ ಫೋನ್ ಮಾಡಿ. ನಾನು ಸಿಗದಿದ್ದರೆ ಅವಳ ಸೋದರಮಾವ ಕಲಬುರಗಿಯಲ್ಲೇ ಇದ್ದಾನೆ, ನಂಬರ್ ಕೊಡುತ್ತೇನೆ. ತುಂಬ ವಾಂತಿಯಾದರೆ, ನಡೆಯುವಾಗ ತೂರಾಡಿದರೆ, ಸಾಯುವ ಮಾತಾಡಿದರೆ ನಮಗಾಗಿ ಕಾಯಬೇಡಿ. ಒಬ್ಬಳನ್ನೇ ಬಿಡದೆ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416 ಅವಳ ಫೋನಿನಲ್ಲೂ ಇದೆ.

ನೀವು ಡಾಕ್ಟರ ಜೊತೆ ಮಾತಾಡಲು ಅವಳು ಒಪ್ಪಿದ್ದಾಳೆ. ಆದರೆ ಅವಳು ಒಂದು ದಿನ ಸಪ್ಪಗೆ ಕೂತರೆ, ಜೋರಾಗಿ ನಕ್ಕರೆ, ಅದನ್ನೆಲ್ಲ ನನಗೆ ಹೇಳುವುದು ಬೇಡ. ಮನೆಯಲ್ಲಿ ನಾನು ನೋಡುತ್ತಲೇ ಇರುತ್ತೇನೆ, ಅದೇ ಅವಳಿಗೆ ಸಾಕಾಗಿದೆ.

ಸೋಮವಾರ ಹನ್ನೊಂದಕ್ಕೆ ಇಬ್ಬರೂ ನಿಮ್ಮ ರೂಮಿಗೆ ಬರಬಹುದಾ? ಬ್ಯಾಚ್ ವಿಷಯ ಅಂದೇ ಗೊತ್ತಾದರೆ ಬಸ್ ಪಾಸ್ ಮಾಡಿಸಿಕೊಂಡೇ ಊರಿಗೆ ಹೋಗುತ್ತೇವೆ.

– ಶಾಂತಾಬಾಯಿ